ಮೂರು ಕಲ್ಲು, ಒಂದು ಹುಲ್ಲಿನ ಕರು

...ಇಲ್ಲ, ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ. ಡೆಲ್ ಮಾರ್‌ನ ಆ ಮನೆಯ ಊಟದ ಮೇಜಿನ ಎದುರಿನ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯವರ ಗ್ಯಾರೇಜಿನ ಬಾಗಿಲು. ಆದರೆ ನೆನಪು ಪ್ರತಿ ಸಲ ಆ ಕಿಟಕಿಗೆ ಸಮುದ್ರವನ್ನು ತಂದು ಅಂಟಿಸುತ್ತದೆ. ನಾನು ಕಿತ್ತು ಹಾಕುತ್ತೇನೆ, ಅದು ಮತ್ತೆ ಅಂಟಿಸುತ್ತದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಎಷ್ಟು ಗ್ಯಾರೇಜು, ಎಷ್ಟು ಸಮುದ್ರ ಎಂದು ಖಚಿತವಾಗಿ ಹೇಳಲಾರೆ. ಸಿಟ್ಟು ಮಾತ್ರ ನಿಜ. ಅದು ಈಗಲೂ ಬಿಸಿಯಾಗಿದೆ.

ಇರಾಕ್ ಯುದ್ಧ ಶುರುವಾದ ಮರುವರ್ಷ ಇರಬೇಕು. ಲಾಸ್ ಏಂಜಲೀಸಿನ ಒಂದು ಸಣ್ಣ ಸಾಹಿತ್ಯ ಪತ್ರಿಕೆ ಕಳೆದುಹೋದ ಮನೆಗಳ ಬಗ್ಗೆ ವಿಶೇಷ ಸಂಚಿಕೆ ತರುವುದರಲ್ಲಿತ್ತು. ನನ್ನ ಕೆಲವು ಕನ್ನಡ ಕತೆಗಳನ್ನು ನಾನೇ ಇಂಗ್ಲಿಷಿಗೆ ಮಾಡಿ ಅಲ್ಲಿ ಪ್ರಕಟಿಸಿದ್ದೆ. ಅದರ ಸಂಪಾದಕಿ ಫೋನ್ ಮಾಡಿ, ಹಳೆಯ ಅರಬ್ಬಿ ಕಾವ್ಯ ಬಲ್ಲವರು ಯಾರಾದರೂ ಗೊತ್ತೇ ಎಂದು ಕೇಳಿದಳು. ಪಾಳುಬಿದ್ದ ಬಿಡಾರದ ಮುಂದೆ ನಿಂತು ಅಳುವ ಕವಿತೆಗಳಿವೆಯಂತೆ, ಅಂಥದ್ದೊಂದು ಬೇಕು ಎಂದಳು. ನನಗೆ ಗೊತ್ತಿದ್ದವರು ಒಬ್ಬರೇ. ಮೈಸೂರಿನ ಕಾಲೇಜೊಂದರಲ್ಲಿ ಅರಬ್ಬಿ ಪಾಠ ಮಾಡಿ ನಿವೃತ್ತರಾಗಿ, ಸ್ಯಾನ್ ಡಿಯಾಗೋ ಪಕ್ಕದ ಡೆಲ್ ಮಾರ್‌ನಲ್ಲಿ ಮಗಳ ಮನೆಯಲ್ಲಿದ್ದ ಅಂಕಲ್. ಯುಗಾದಿಗೆ ಕನ್ನಡದವರು ವೆಸ್ಟ್ ಕೊವಿನಾದ ಬಾಡಿಗೆ ಸಭಾಂಗಣದಲ್ಲಿ ಸೇರಿದ್ದಾಗ ಪರಿಚಯವಾದವರು. ಅಲ್ಲಿ ಎಲ್ಲರೂ ಮನೆ ಸಾಲದ ಬಡ್ಡಿಯ ಬಗ್ಗೆ ಮಾತಾಡುತ್ತಿದ್ದಾಗ ಇವರು ನನ್ನ ಹುಬ್ಬಳ್ಳಿ ಮಾತು ಕೇಳಿ ನಗುತ್ತಾ ಪಕ್ಕದಲ್ಲಿ ಬಂದು ಕೂತಿದ್ದರು.

ಫೋನ್ ಮಾಡಿ ಕೇಳಿದೆ.

"ಪೂರ್ತಿ ಪದ್ಯ ಹಾಕ್ತಾರಾ?"

"ಕೇಳ್ತೀನ್ರೀ ಅಂಕಲ್."

"ಕೇಳು. ಪೂರ್ತಿ ಹಾಕೋದಾದ್ರೆ ಮಾಡೋಣ. ನನ್ನ ಹೆಸರು ಅದರ ಕೆಳಗೆ ಬರುತ್ತೆ ನೋಡು. ಈ ದೇಶಕ್ಕೆ ಬಂದಾಗಿಂದ ನನ್ನ ಹೆಸರು ಬಂದಿರೋದು ಡಾಕ್ಟರ ಚೀಟಿ ಮೇಲೆ ಮಾತ್ರ."

ಸಂಪಾದಕಿಯನ್ನು ಕೇಳಿದೆ. ಪೂರ್ತಿ ಪದ್ಯ, ಕೆಳಗೆ ಪ್ರತಿಮೆಗಳ ಬಗ್ಗೆ ಚಿಕ್ಕ ಟಿಪ್ಪಣಿ, ಎಲ್ಲವೂ ಆಗುತ್ತದೆ ಎಂದಳು. ಹಾಗೆಂದಳು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅಂಕಲ್ ಆರಿಸಿದ ಪದ್ಯ ಪ್ರಸಿದ್ಧರದ್ದಲ್ಲ. ಬರೆದವನ ಹೆಸರಿನ ಬಗ್ಗೆಯೇ ಜಗಳವಿದೆ ಎಂದರು. ನನಗೆ ಅರಬ್ಬಿಯ ಒಂದಕ್ಷರವೂ ಬರುವುದಿಲ್ಲ, ಅವರಿಗೆ ಕವಿತೆಯ ಇಂಗ್ಲಿಷಿನಲ್ಲಿ ಧೈರ್ಯವಿಲ್ಲ. ಆದ್ದರಿಂದ ಆ ಊಟದ ಮೇಜಿನ ಎದುರು ಕೂತು ಒಂದು ಪದ್ಧತಿ ಮಾಡಿಕೊಂಡೆವು. ಅವರು ಒಂದು ಸಾಲನ್ನು ಅರಬ್ಬಿಯಲ್ಲಿ ಹೇಳುವರು. ಪ್ರತಿ ಸಾಲೂ ಎರಡು ಸಮ ಭಾಗ, ನಡುವೆ ಒಂದು ಉಸಿರು. ಆಮೇಲೆ ಪದ ಪದವಾಗಿ ಕನ್ನಡದಲ್ಲಿ ಬಿಡಿಸುವರು, ಸಿಕ್ಕಿಕೊಂಡರೆ ಉರ್ದುವಿಗೆ ಹೋಗಿ ಬರುವರು. ನಾನು ಇಂಗ್ಲಿಷಿನಲ್ಲಿ ಬರೆದು ಓದುವೆ. ಅವರು ಕಣ್ಣು ಮುಚ್ಚಿ, ನನ್ನ ಇಂಗ್ಲಿಷನ್ನು ತಿರುಗಿ ಕನ್ನಡದಲ್ಲಿ ಹೇಳುವರು. ಆ ಕನ್ನಡದಲ್ಲಿ ಏನು ಬಿಟ್ಟುಹೋಗಿದೆಯೋ ಅದು ನನ್ನ ಇಂಗ್ಲಿಷಿನಲ್ಲೂ ಇಲ್ಲ ಎಂದರ್ಥ. ಅದನ್ನು ಹುಡುಕಿ ತುಂಬಬೇಕು.

ಎಲ್ಲ ಸಾಲುಗಳೂ ಒಂದೇ ಪ್ರಾಸದಲ್ಲಿ ಮುಗಿಯುತ್ತವೆ ಎಂದು ಮೊದಲ ದಿನವೇ ತೋರಿಸಿದರು. ಇಡೀ ಪದ್ಯಕ್ಕೆ ಒಂದೇ ವ್ಯಂಜನ. ಕೊನೆಯಲ್ಲಿ 'ಊಬು' ಅಥವಾ 'ಈಬು'. "ಇವೆರಡು ಅಣ್ಣತಮ್ಮ, ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬಹುದು. ಆಬು ಬಂದ್ರೆ ಒಳಗೆ ಬಿಡಲ್ಲ," ಎಂದರು. ಇಂಗ್ಲಿಷಿನಲ್ಲಿ ಹಾಗೆ ಮಾಡಲು ಹೋದರೆ ಮಕ್ಕಳ ಪದ್ಯವಾಗುತ್ತದೆ. ಪ್ರಾಸ ಬಿಟ್ಟೆವು. ನನಗೆ ಪದಗಳನ್ನು ಪುಟದ ತುಂಬ ಚೆಲ್ಲಾಪಿಲ್ಲಿ ಮಾಡುವ ಆಸೆ. ಪಾಳು ಬಿಡಾರವಲ್ಲವೇ, ಕವಿತೆಯೂ ಪಾಳಾಗಿ ಕಾಣಲಿ ಎಂದು ವಾದಿಸಿದೆ.

"ಬಿಡಾರ ಹೋಗಿದೆಯಮ್ಮ, ಕವಿಗೆ ಬುದ್ಧಿ ಹೋಗಿಲ್ಲ," ಎಂದರು ಅಂಕಲ್. "ಅವನು ನೆಟ್ಟಗೆ ನಿಂತ್ಕೊಂಡೇ ಅಳ್ತಿದ್ದಾನೆ. ಸಾಲೂ ನೆಟ್ಟಗಿರಲಿ."

ಒಂದು ಸಾಲಿಗೆ ಎರಡು ಇಂಗ್ಲಿಷ್ ಸಾಲು, ನಡುವೆ ಬಿಳಿ ಜಾಗ ಎಂದು ರಾಜಿಯಾಯಿತು.

ಪದ್ಯ ಹೀಗೆ ಹೋಗುತ್ತದೆ. ಪ್ರಯಾಣದಲ್ಲಿರುವ ಕವಿ ಜೊತೆಯ ಇಬ್ಬರಿಗೆ ಒಂಟೆ ನಿಲ್ಲಿಸಿ ಎನ್ನುತ್ತಾನೆ. ಆ ಮರಳು ದಿಬ್ಬಕ್ಕೂ ಈ ಒಣಹಳ್ಳಕ್ಕೂ ನಡುವೆ, ಎಂದು ಊರಿನವರು ದಾರಿ ಹೇಳುವಂತೆ ಹೆಸರು ಹಿಡಿದು ಜಾಗ ಗುರುತಿಸುತ್ತಾನೆ. ಅವನ ಪ್ರೇಯಸಿಯ ಕುಲದವರು ಒಂದು ಕಾಲದಲ್ಲಿ ಅಲ್ಲಿ ಬೀಡುಬಿಟ್ಟಿದ್ದರು. ಈಗ ಏನಿದೆ? ಮಳೆನೀರು ಒಳಗೆ ಬರದಂತೆ ಡೇರೆಯ ಸುತ್ತ ತೋಡಿದ್ದ ಕಿರುಗಾಲುವೆ, ಅರ್ಧ ಮುಚ್ಚಿಹೋಗಿದೆ. ಬಡಿದು ಬಡಿದು ತಲೆ ಸೀಳಿದ ಒಂದು ಗೂಟ. ಮಸಿ ಹಿಡಿದ ಮೂರು ಒಲೆಗಲ್ಲು, ನಡುವೆ ಬೂದಿ. ಜನರಿದ್ದ ಕಡೆ ಕಾಡುಮೃಗಗಳು ಮರಿಗಳ ಜೊತೆ ಮೇಯುತ್ತಿವೆ. ಕವಿ ಕಲ್ಲುಗಳನ್ನು ಪ್ರಶ್ನೆ ಕೇಳುತ್ತಾನೆ, ಅವು ಉತ್ತರಿಸುವುದಿಲ್ಲ. ಹೆಂಗಸರ ಪಲ್ಲಕ್ಕಿ ಹೊತ್ತ ಒಂಟೆಗಳು ಹೊರಟುಹೋದ ಬೆಳಗನ್ನು ನೆನೆಯುತ್ತಾನೆ. ಆಮೇಲೆ ಒಂದು ಸಾಲು ಬರುತ್ತದೆ: ಅದನ್ನು ಬಿಡು. ಅಷ್ಟೇ. ಅಳು ನಿಂತಿತು. ಒಂಟೆ ಹತ್ತುತ್ತಾನೆ, ಪ್ರಯಾಣ ಶುರು. ಮುಂದೆ ಒಂಟೆಯ ವರ್ಣನೆ, ಬಿಸಿಲು, ಕೊನೆಗೆ ತನ್ನ ಜನರ ಬಗ್ಗೆ ಜಂಬ.

"ಈ ಸಾಲೇ ಪದ್ಯದ ಸೊಂಟ," ಎಂದರು ಅಂಕಲ್. "ಅಳೋದಕ್ಕೆ ಅಷ್ಟೇ ಹೊತ್ತು. ಆಮೇಲೆ ಒಂಟೆ ಹತ್ತಬೇಕು. ಹತ್ತದೇ ಇದ್ರೆ ಅವನು ಕವಿ ಅಲ್ಲ, ಬರೀ ಅಳುಬುರುಕ."

ನಾವು ಬಹಳ ಹೊತ್ತು ನಿಂತದ್ದು ಒಲೆಗಲ್ಲಿನ ಸಾಲಿನಲ್ಲಿ. ಬೂದಿಯ ಮೇಲೆ ಬಾಗಿದ ಮೂರು ಕಲ್ಲುಗಳನ್ನು ಕವಿ ಮೂರು ಹೆಣ್ಣೊಂಟೆಗಳಿಗೆ ಹೋಲಿಸುತ್ತಾನೆ. ಅವು ಏನೋ ಒಂದರ ಮೇಲೆ ಬಾಗಿವೆ. ಆ ಒಂದರ ಹೆಸರನ್ನು ಅಂಕಲ್ ಅರಬ್ಬಿಯಲ್ಲಿ ಹೇಳಿದರು, ಉರ್ದುವಿನಲ್ಲಿ ಹುಡುಕಿದರು, ಸಿಗಲಿಲ್ಲ. ಕೈಯಲ್ಲಿ ತೋರಿಸತೊಡಗಿದರು.

"ಒಂಟೆ ಮರಿ ಸತ್ತೋಗುತ್ತೆ. ತಾಯಿ ಹಾಲು ಬಿಡಲ್ಲ. ಆಗ ಸತ್ತ ಮರಿ ಚರ್ಮ ಸುಲಿದು, ಒಳಗೆ ಹುಲ್ಲು..."

"ಅಯ್ಯ, ಹುಲ್ಲ ತುಂಬಿದ ಕರ ಏನ್ರೀ?"

"ನಿನಗೆ ಹೇಗೆ ಗೊತ್ತು?"

"ನಮ್ಮ ಓಣ್ಯಾಗ ಹಾಲಿನಾಂವ ದಿನಾ ತರ್ತಿದ್ದ ಅಂಕಲ್. ಎಮ್ಮಿ ಹಗ್ಗ ಒಂದ್ ಕೈಯಾಗ, ಕರ ಬಗಲಾಗ. ನೀರ ಹಾಕಿಲ್ಲ ಅಂತ ತೋರ್ಸಾಕ ಮನಿ ಮುಂದನ ಹಿಂಡ್ತಿದ್ದ."

ಹುಬ್ಬಳ್ಳಿಯ ಆ ಕರುವಿಗೆ ಒಂದೇ ಕಿವಿ ಇತ್ತು. ಇತ್ತೇ? ಇರಲಿ. ಹಾಲಿನವನು ಅದರ ಚರ್ಮಕ್ಕೆ ಉಪ್ಪು ಸವರುತ್ತಿದ್ದ. ಎಮ್ಮೆ ನೆಕ್ಕುತ್ತಾ ನಿಲ್ಲುತ್ತಿತ್ತು, ತಂಬಿಗೆಯಲ್ಲಿ ಹಾಲು ಸುರಿಯುತ್ತಿತ್ತು. ಹಿಂಡಿದ ಮೇಲೆ ಅವನು ಕರುವನ್ನು ಮಡಚಿದ ಗೋಣಿಯಂತೆ ಬಗಲಿಗೆ ಸಿಕ್ಕಿಸಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದ. ಎಮ್ಮೆ ಅದರ ಹಿಂದೆ ಹೋಗುತ್ತಿತ್ತು.

ಅಂಕಲ್ ಮೇಜು ಕುಟ್ಟಿದರು. "ಬಂತಲ್ಲ! ಮೈಸೂರಲ್ಲಿ ಎಷ್ಟು ವರ್ಷ ಪಾಠ ಮಾಡಿದೀನಿ, ಒಬ್ಬ ಹುಡುಗನೂ ಇದನ್ನ ನೋಡಿರಲಿಲ್ಲ. ಹುಬ್ಬಳ್ಳಿಯವರು ಮೋಸದಲ್ಲಿ ಅರಬರಿಗಿಂತ ಕಮ್ಮಿ ಇಲ್ಲ."

"ಹಿಂಡಾಂವ ಮೋಸಗಾರ. ನಾವ್ ಬರೇ ಕುಡದವ್ರು," ಎಂದೆ.

ಆದರೆ ಅವರು ನಗುವುದನ್ನು ನಿಲ್ಲಿಸಿ ಹೇಳಿದ್ದನ್ನು ನಾನು ಟಿಪ್ಪಣಿಯಲ್ಲಿ ಬರೆದೆ. ಒಂದೇ ಮರಿಗೆ, ಅದು ಹುಲ್ಲಿನದಾದರೂ, ಎರಡು ಮೂರು ಹೆಣ್ಣೊಂಟೆಗಳನ್ನು ತಾಯಿಯಾಗಿ ಒಗ್ಗಿಸುವ ರೂಢಿಯೂ ಇತ್ತು, ಅದಕ್ಕೇ ಮೂರು. ಅವು ಬಾಗಿರುವುದು ಮರಿಯ ಮೇಲಲ್ಲ, ಹುಲ್ಲಿನ ಮೇಲೆ. ಅವುಗಳಿಗೆ ಮೋಸವಾಗಿದೆ, ಹಾಲೂ ಬರುತ್ತಿದೆ. ಬೂದಿಯಲ್ಲಿ ಬೆಂಕಿಯಿಲ್ಲ, ಚರ್ಮದೊಳಗೆ ಮರಿಯಿಲ್ಲ. ಕವಿಗೆ ಇದೆಲ್ಲ ಗೊತ್ತು, ಆದರೂ ಕಣ್ಣೀರು ಬರುತ್ತಿದೆ. ತನ್ನ ಅಳುವನ್ನೂ ಯಾರೋ ಹಿಂಡುತ್ತಿದ್ದಾರೆ ಎಂದು ತಿಳಿದವನು ಮಾತ್ರ 'ಅದನ್ನು ಬಿಡು' ಎನ್ನಬಲ್ಲ. ನೆನಪನ್ನು ಇಷ್ಟು ಚೆನ್ನಾಗಿ ಅನುಮಾನಿಸಿದ ಸಾಲನ್ನು ನಾನು ಬೇರೆಲ್ಲೂ ಓದಿರಲಿಲ್ಲ.

ಟಿಪ್ಪಣಿಯಲ್ಲಿ ಇನ್ನೊಂದು ಮಾತು ಸೇರಿಸಬೇಕೆಂದು ಅಂಕಲ್ ಹಟ ಹಿಡಿದರು: ಈ ಬಿಡಾರವನ್ನು ಯಾರೂ ಹಾಳು ಮಾಡಿಲ್ಲ. ಮೇವು ಮುಗಿಯಿತು, ನೀರು ಬತ್ತಿತು, ಜನ ಡೇರೆ ಕಿತ್ತುಕೊಂಡು ಬೇರೆ ಕಡೆ ಹೋದರು. ಪ್ರತಿ ವರ್ಷ ಹೋಗುವ ಹಾಗೆ. ಹೋಗುವುದೇ ಅವರ ಬದುಕು.

ಕಳಿಸಿದೆವು. ಕೆಲವು ವಾರಗಳ ನಂತರ ಸಂಪಾದಕಿ ಫೋನ್ ಮಾಡಿದಳು. ತುಂಬ ಸುಂದರವಾಗಿದೆ ಎಂದು ಎಷ್ಟು ಸಲ ಹೇಳಿದಳೆಂದರೆ ನನಗೆ ಭಯವಾಯಿತು. ಆಮೇಲೆ 'ಆದರೆ' ಬಂತು. ಹುಲ್ಲು ತುಂಬಿದ ಚರ್ಮ ಓದುಗರಿಗೆ ಅಸಹ್ಯ ಹುಟ್ಟಿಸುತ್ತದೆ, 'ತೊಟ್ಟಿಲ ಮೇಲೆ ಬಾಗಿದ ಮೂವರು ತಾಯಂದಿರಂತೆ' ಎಂದರೆ ಹೇಗೆ? ಟಿಪ್ಪಣಿ ಪಶುಸಂಗೋಪನೆಯ ಪಾಠದಂತಿದೆ. ಕವಿ ಅಳುವಲ್ಲಿಗೆ ಪದ್ಯ ನಿಲ್ಲಿಸಿದರೆ ಪರಿಣಾಮ ಜೋರಾಗುತ್ತದೆ, ಒಂಟೆಯ ಸವಾರಿ ಯಾಕೆ ಬೇಕು? ಜೊತೆಗೆ ಒಂದು ಫೋಟೋ ಸಿಕ್ಕಿದೆ, ಬಾಗ್ದಾದಿನದು, ಬಾಂಬಿಗೆ ಕುಸಿದ ಮನೆ.

"ಇದರಲ್ಲಿ ಬಾಂಬು ಎಲ್ಲಿದೆ?" ಎಂದು ಕೇಳಿದೆ.

"ಓದುಗರು ಅದನ್ನೇ ನೆನೆಯುತ್ತಾರೆ," ಎಂದಳು.

"ಓದುಗರು ನೆನೆಯೋದನ್ನೇ ಅಚ್ಚು ಹಾಕೋದಾದರೆ ನಮ್ಮನ್ನು ಯಾಕೆ ಕೇಳಿದಿರಿ?"

"ನೀವು ಸಿಟ್ಟಾಗಿದ್ದೀರಿ. ಅದು ನನಗೆ ಅರ್ಥವಾಗುತ್ತದೆ," ಎಂದಳು. ಅವಳ ದನಿಯಲ್ಲಿ ಎಂಥ ಕರುಣೆ! ನನ್ನ ಸಿಟ್ಟನ್ನೂ ಅವಳು ಯಾವುದೋ ಕಳೆದುಹೋದ ಮನೆಯ ಖಾತೆಗೆ ಹಾಕಿಬಿಟ್ಟಿದ್ದಳು. ಒಂದು ನಾಡಿನ ಜನರ ಮೇಲೆ ಬಾಂಬು ಹಾಕುವ ದೇಶದಲ್ಲಿ ಕೂತು ಆ ಜನರ ಹಳೆಯ ಕವಿತೆಯಿಂದಲೂ ಬಾಂಬಿನ ಅಳುವನ್ನೇ ಹಿಂಡುವುದು. ಅವರು ಒಂಟೆ ಹತ್ತಿ ಜಂಬ ಕೊಚ್ಚಿಕೊಳ್ಳುವ ಭಾಗ ಬಂದಾಗ ಯಾಕೆ ಬೇಕು ಎನ್ನುವುದು. ಅತ್ತಷ್ಟು ಹೊತ್ತು ಮಾತ್ರ ಅವರು ಮನುಷ್ಯರು. ಯುದ್ಧದ ಪರ ಇದ್ದವರು ಹೀಗೆ ಮಾಡಿದ್ದರೆ ನನಗೆ ಅರ್ಥವಾಗುತ್ತಿತ್ತು. ಇವಳು ವಿರೋಧಿಸಿ ಮೆರವಣಿಗೆ ಹೋಗಿದ್ದವಳು.

ಅಂಕಲ್‌ಗೆ ಹೇಳಿದೆ.

"ತೊಟ್ಟಿಲಾ?" ಎಂದರು. "ಒಂಟೆಗೆ ತೊಟ್ಟಿಲು ಯಾರಮ್ಮ ಕಟ್ತಾರೆ? ಯಾವ ಬಡಗಿ?"

ನಾನು ನಗಲಿಲ್ಲ. ಅವರೂ ಆಮೇಲೆ ನಗಲಿಲ್ಲ.

"ತೊಟ್ಟಿಲು ಅಂದ್ರೆ ಒಳಗೆ ಮಗು ಇದೆ ಅಂತ ಆಯ್ತಲ್ಲ. ಪೂರ್ತಿ ಉಲ್ಟಾ. ನನ್ನ ಕೈಯಲ್ಲಿ ಓದಿದ ಹುಡುಗರು ಎಲ್ಲೆಲ್ಲೋ ಇದ್ದಾರೆ, ರಿಯಾದಿನಲ್ಲಿ ಇದ್ದಾರೆ, ದುಬೈಯಲ್ಲಿ ಇದ್ದಾರೆ. ಯಾರಾದರೂ ನೋಡಿದ್ರೆ ಏನಂತಾರೆ? ಸಾರ್‌ಗೆ ಅಮೆರಿಕಾದಲ್ಲಿ ಪದ್ಯ ಮರ್ತೋಯ್ತು ಅಂತಾರೆ. ನನ್ನ ಹೆಸರು ತೆಗೆಸು."

"ನಾನೂ ತೆಗಸ್ತೀನ್ರೀ. ಪದ್ಯಾನ ವಾಪಸ್ ತಗೊಳ್ಳೋಣು."

"ಬೇಡ. ಮೊದಲು ಜಗಳ ಆಡು. ನಿನಗೆ ಚೆನ್ನಾಗಿ ಬರುತ್ತೆ."

ಆಡಿದೆ. ಅವಳು ಬಗ್ಗಿದಳು, ಅಥವಾ ಬಗ್ಗಿದ ಹಾಗೆ ಮಾಡಿದಳು. ಹುಲ್ಲಿನ ಕರು ಇರಲಿ, ಟಿಪ್ಪಣಿ ಚಿಕ್ಕದಾಗಿ ಇರಲಿ, 'ಅದನ್ನು ಬಿಡು' ಸಾಲಿನ ತನಕ ಹಾಕುತ್ತೇವೆ, ಮುಂದಿನದು ಜಾಲತಾಣದಲ್ಲಿ. ಫೋಟೋ ಮರುಪರಿಶೀಲಿಸುತ್ತೇವೆ. ಸಂಚಿಕೆ ಬಿಡುಗಡೆಯ ಸಂಜೆ ಅಂಕಲ್ ಬಂದು ಅರಬ್ಬಿಯಲ್ಲಿ ಓದಬೇಕು, ತಾನು ಇಂಗ್ಲಿಷ್ ಓದುತ್ತೇನೆ ಎಂದಳು. ಅಂಕಲ್ ಒಪ್ಪಿದರು. ಆ ಸಾಲು ಇದ್ದರೆ ಸಾಕು, ಹೆಸರು ಇರಲಿ ಎಂದರು.

ನಾನೇ ಡ್ರೈವ್ ಮಾಡಿಕೊಂಡು ಲಾಸ್ ಏಂಜಲೀಸಿಗೆ ಕರೆದೊಯ್ದೆ. ಅಂಕಲ್, ಮಗಳು ಇಸ್ತ್ರಿ ಮಾಡಿಕೊಟ್ಟ ಶೇರ್ವಾನಿ ಹಾಕಿದ್ದರು. ದಾರಿಯುದ್ದಕ್ಕೂ ಪಠಣದ ಅಭ್ಯಾಸ. ಸ್ಯಾನ್ ಡಿಯಾಗೋದಿಂದ ಉತ್ತರಕ್ಕೆ ಹೋಗುವ ಫ್ರೀವೇಯಲ್ಲಿ, ಸಮುದ್ರದ ಪಕ್ಕದಲ್ಲಿ, ವಲಸೆ ತಪಾಸಣೆಯ ಠಾಣೆಯೊಂದಿದೆ. ಎಲ್ಲ ಕಾರುಗಳೂ ಅಲ್ಲಿ ನಿಧಾನವಾಗಬೇಕು. ಅದು ಕಾಣಿಸುತ್ತಿದ್ದಂತೆ ಅಂಕಲ್ ಪಠಣ ನಿಲ್ಲಿಸಿ, ಮಡಿಲಲ್ಲಿದ್ದ ಅರಬ್ಬಿ ಹಾಳೆಯನ್ನು ತೊಡೆಯ ಕೆಳಗೆ ಸರಿಸಿದರು. ಸಮವಸ್ತ್ರದವನು ನಮ್ಮತ್ತ ನೋಡಿ ಹೋಗಿ ಎಂದು ಕೈ ಬೀಸಿದ. ಸ್ವಲ್ಪ ದೂರ ಹೋದ ಮೇಲೆ ಅವರು ಹಾಳೆ ತೆಗೆದು, ಸುಕ್ಕು ನೀವಿದರು. ಇಲ್ಲಿ ಸಮುದ್ರ ನಿಜವಾಗಿಯೂ ಇತ್ತು, ಎಡಕ್ಕೆ.

ಪುಸ್ತಕದಂಗಡಿಯೊಂದರ ಹಿಂದಿನ ಕೋಣೆ. ಮಡಚುವ ಕುರ್ಚಿಗಳು, ಚೀಸು, ದ್ರಾಕ್ಷಿ. ಬಾಗಿಲ ಬಳಿ ಸಂಚಿಕೆಗಳ ರಾಶಿ. ಅಂಕಲ್ ಒಂದನ್ನು ಎತ್ತಿಕೊಂಡು ಕನ್ನಡಕ ಬದಲಿಸಿ, ನಿಂತೇ ಓದಿದರು. ನಾನು ಅವರ ಭುಜದ ಪಕ್ಕದಿಂದ ನೋಡಿದೆ. ಎಡಪುಟದಲ್ಲಿ ಕುಸಿದ ಮನೆ. ಬಲಪುಟದಲ್ಲಿ ಪದ್ಯ. ಮೂವರು ತಾಯಂದಿರು, ತೊಟ್ಟಿಲು. ಕಲ್ಲುಗಳು ಉತ್ತರಿಸಲಿಲ್ಲ ಎಂಬಲ್ಲಿಗೆ ಮುಕ್ತಾಯ. ಕೆಳಗೆ ಒಂದೇ ಸಾಲಿನ ಟಿಪ್ಪಣಿ: ಒಲೆಗಲ್ಲುಗಳು ತಾಯ್ತನದ ಶೋಕವನ್ನು ಸೂಚಿಸುತ್ತವೆ. ಅದರ ಕೆಳಗೆ ನಮ್ಮಿಬ್ಬರ ಹೆಸರು, ಅವರದ್ದು ಮೊದಲು.

ಸಂಪಾದಕಿ ಎರಡೂ ಕೈ ಚಾಚಿಕೊಂಡು ಬಂದಳು. ವಿನ್ಯಾಸ ಮಾಡಿದವರಿಗೆ ಹಳೆಯ ಫೈಲು ಹೋಗಿತ್ತು, ತನಗೂ ಈಗಷ್ಟೇ ಗೊತ್ತಾಯಿತು ಎಂದಳು. ಇರಬಹುದು. ಆ ಟಿಪ್ಪಣಿಯ ಸಾಲು ಯಾವ ಫೈಲಿನಲ್ಲಿತ್ತು, ಬರೆದವರು ಯಾರು ಎಂದು ಕೇಳಿದೆ. ಅವಳು ಅಂಕಲ್ ಕಡೆ ತಿರುಗಿ, ನೀವು ಬಂದದ್ದು ನಮಗೆ ಎಷ್ಟು ದೊಡ್ಡ ಗೌರವ ಎಂದಳು.

"ನಡೀರಿ ಅಂಕಲ್, ಹೋಗೋಣು," ಎಂದೆ. "ಓದೋದ್ ಬ್ಯಾಡ."

"ಓದ್ತೀನಿ."

"ಯಾಕ್ರೀ? ಇವ್ರಿಗಾ?"

"ನೀನು ಕೂತ್ಕೋ."

ಮೊದಲು ಅವಳು ಇಂಗ್ಲಿಷ್ ಓದಿದಳು. ಕೊನೆಯ ಸಾಲಿಗೆ ಬಂದಾಗ ದನಿ ತಗ್ಗಿಸಿದಳು. ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಅಂಕಲ್ ಮೈಕಿನ ಮುಂದೆ ನಿಂತರು. ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ನನಗೆ ಮೊದಲ ಸಾಲುಗಳು ಗೊತ್ತಾಗುತ್ತಿದ್ದವು, ಅರ್ಥದಿಂದಲ್ಲ, ಆ ಊಟದ ಮೇಜಿನ ಎದುರು ಕೇಳಿ ಕೇಳಿ. ಜೊತೆಗಾರರು, ದಿಬ್ಬ, ಗೂಟ, ಕಲ್ಲುಗಳು. ಇಂಗ್ಲಿಷ್ ನಿಂತ ಜಾಗ ಬಂತು. ಅಂಕಲ್ ನಿಲ್ಲಲಿಲ್ಲ. ಮುಂದಕ್ಕೆ ಹೋದರು. ದನಿ ಬದಲಾಯಿತು, ವೇಗ ಬಂತು, ಒಂದು ಕೈ ಮೇಲೆದ್ದಿತು. ಸಂಪಾದಕಿ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದಳು, ಇನ್ನೂ ಅಳುವೇ ನಡೆದಿದೆ ಎಂದುಕೊಂಡು. ಕೋಣೆಯಲ್ಲಿ ಎಲ್ಲರ ಮುಖದಲ್ಲೂ ಅದೇ ಸಾವಿನ ಮನೆಯ ಕಳೆ. ನಾನು ಸಾಲಿನ ಕೊನೆಗಳನ್ನು ಹಿಡಿಯುತ್ತಾ ಕೂತೆ. ಊಬು, ಈಬು, ಊಬು. ತಪ್ಪಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ನಕ್ಕಳು. ಜೋರಾಗಿ, ತಡೆಯಲಾರದೆ. ಎಲ್ಲರೂ ತಿರುಗಿ ಕೆಟ್ಟದಾಗಿ ನೋಡಿದರು. ಅವಳು ಬಾಯಿ ಮುಚ್ಚಿಕೊಂಡಳು, ಹೆಗಲು ಕುಣಿಯುತ್ತಿತ್ತು. ಅಂಕಲ್ ಅವಳ ಕಡೆ ತಲೆ ಬಾಗಿಸಿ ಮತ್ತೆ ಎರಡೋ ಮೂರೋ ಸಾಲು ಹೇಳಿ ಮುಗಿಸಿದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ನಾನು ಗುಂಪು ದಾಟಿ ಹಿಂದಕ್ಕೆ ಹೋಗುವಷ್ಟರಲ್ಲಿ ಆ ಹೆಂಗಸು ಹೋಗಿಬಿಟ್ಟಿದ್ದಳು.

ವಾಪಸ್ ಬರುವಾಗ ಕೇಳಿದೆ.

"ಅಂಕಲ್, ಆಕಿ ಯಾಕ್ ನಕ್ಕಳ್ರೀ?"

"ಅವಳಿಗೆ ಅರಬ್ಬಿ ಬರುತ್ತೆ, ಪಾಪ."

"ನೀವ್ ಏನ್ ಓದಿದ್ರಿ?"

"ಪದ್ಯ ಓದಿದೆ."

"ಪದ್ಯದಾಗಿದ್ದದ್ದೇ?"

"ಪ್ರಾಸ ತಪ್ಪಿತಾ?"

"ಇಲ್ರೀ."

"ಮತ್ತಿನ್ನೇನು," ಎಂದು ಸೀಟು ಹಿಂದಕ್ಕೆ ಒರಗಿಸಿಕೊಂಡರು.

ಪತ್ರಿಕೆಗೆ ನಾನು ಬರೆದ ಪ್ರತಿಭಟನೆ ಅಚ್ಚಾಗಲಿಲ್ಲ. ಜಾಲತಾಣದಲ್ಲಿ ಹಾಕುತ್ತೇವೆಂದ ಉಳಿದ ಭಾಗವೂ ಬರಲಿಲ್ಲ. ಎರಡು ಮೂರು ವರ್ಷದ ಮೇಲೆ ಅಂಕಲ್ ಮಗನ ಮನೆಗೆಂದು ಮೈಸೂರಿಗೆ ಹೋದರು. ಫೋನಿನಲ್ಲಿ ಮತ್ತೆ ಕೇಳಿದಾಗ, ಯಾವ ಸಂಜೆ, ಯಾವ ಹೆಂಗಸು ಎಂದರು. ಮರೆತರೋ, ಮರೆತಂತೆ ಮಾಡಿದರೋ.

ಒಂಟೆಯ ಸಾಲುಗಳನ್ನೇ ಅವರು ಓದಿರಬಹುದು. ಅವುಗಳಲ್ಲಿ ನಗುವಂಥದ್ದು ನಮ್ಮ ಅನುವಾದದಲ್ಲಿ ಏನೂ ಇರಲಿಲ್ಲ. ನಿಂತ ನಿಲುವಿನಲ್ಲಿ ಸಂಪಾದಕಿಯ ಬಗ್ಗೆ, ಆ ಫೋಟೋದ ಬಗ್ಗೆ, ತಮ್ಮ ಹೆಸರಿನ ಬಗ್ಗೆ ಸಾಲು ಕಟ್ಟಿ ಸೇರಿಸಿರಲೂಬಹುದು. ಬದುಕೆಲ್ಲ ಆ ಛಂದಸ್ಸನ್ನು ಕಲಿಸಿದವರಿಗೆ ಅದು ಕಷ್ಟವಲ್ಲ. ಎರಡನೆಯದು ನಿಜವಾಗಿರಲಿ ಎಂದು ನನಗೆ ಎಷ್ಟು ಆಸೆಯೆಂದರೆ, ಆ ಆಸೆಯ ಕಾರಣಕ್ಕೇ ಅದನ್ನು ನಂಬಲಾರೆ. ಆ ಸಂಜೆ ಯಾರೂ ಧ್ವನಿಮುದ್ರಣ ಮಾಡಲಿಲ್ಲ. ನನಗೆ ಅರಬ್ಬಿ ಬರುವುದಿಲ್ಲ. ಅವರು ಏನು ಓದಿದರೋ ನನಗೆ ಗೊತ್ತಿಲ್ಲ.